ನಮ್ಮ ಹೊಸ ಮನೆಯ ಪ್ರವೇಶಕ್ಕೆ ಎಲ್ಲರೂ ಬನ್ನಿ 🏡

ದೊಡ್ಡಪ್ಪ, ದೊಡ್ಡಾಯಿ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ-ಮಾವಂದಿರು, ಅಕ್ಕ-ಭಾವ, ತಮ್ಮ-ತಂಗಿಯರು, ಎಲ್ಲರಿಗೂ ನಮಸ್ಕಾರ.

ಅಂತೂ ಮನೆ ಎದ್ದು ನಿಂತಿತು! ಹಂಚು ಹೊದೆಸಿ ಆಯಿತು, ಬಣ್ಣವೂ ಆಯಿತು, ಮೊನ್ನೆ ಕರೆಂಟೂ ಬಂತು. ಮಳೆಗಾಲ ಶುರುವಾಗುವುದರೊಳಗೆ ಒಳಗೆ ಹೋಗಬೇಕು ಅಂತ ಆಯಿ ದಿನಾ ಹೇಳುತ್ತಿದ್ದರು. ಭಟ್ಟರು ಒಳ್ಳೆಯ ಮುಹೂರ್ತವನ್ನೇ ನೋಡಿಕೊಟ್ಟಿದ್ದಾರೆ.

📅 *2026 ಮೇ 1, ಶುಕ್ರವಾರ*
*ಬೆಳಿಗ್ಗೆ 7:40ಕ್ಕೆ ವೃಷಭ ಲಗ್ನದಲ್ಲಿ ಗೃಹಪ್ರವೇಶ*
ಆಮೇಲೆ ಗಣಹವನ, ಸತ್ಯನಾರಾಯಣ ವ್ರತ. ಊಟ 12:30ಕ್ಕೆ.
ಹಿಂದಿನ ದಿನ, ಏಪ್ರಿಲ್ 30ರ ಸಂಜೆ ವಾಸ್ತು ಹೋಮ.

ಮೇ 1 ಕಾರ್ಮಿಕರ ದಿನದ ರಜೆ, ಮುಂದೆ ಶನಿವಾರ, ಭಾನುವಾರ. ಮಕ್ಕಳಿಗೂ ಬೇಸಿಗೆ ರಜೆ. ಹಾಗಾಗಿ 'ಊಟಕ್ಕೆ ಬಂದು ಹೋಗ್ತೇವೆ' ಅನ್ನುವುದು ಬೇಡ. 30ರ ಮಧ್ಯಾಹ್ನಕ್ಕೇ ಬನ್ನಿ, ಭಾನುವಾರ ಹೊರಡಿ. ನಮಗೆ ಬೇಕಾಗಿರುವುದು ಅದೊಂದೇ. ಉಡುಗೊರೆ ಯಾರೂ ತರಬೇಡಿ, ಖಂಡಿತ ಬೇಡ.

ಹಿರಿಯರ ಮನೆಗಳಿಗೆ ನಾವಿಬ್ಬರೂ ಬಂದು ಅಕ್ಷತೆ ಕೊಟ್ಟು ಕರೆಯುತ್ತೇವೆ. ಗ್ರೂಪಿನಲ್ಲಿ ಈಗಲೇ ಹಾಕಿದ್ದು, ದೂರದಲ್ಲಿರುವವರು ರಜೆ, ಟಿಕೆಟ್ ಮಾಡಿಕೊಳ್ಳಲಿ ಅಂತ.

ಅಜ್ಜನ ಮನೆ ಇದ್ದ ಜಾಗದಲ್ಲೇ ಕಟ್ಟಿದ್ದೇವೆ. ತೊಲೆಗಳಿಗೆಲ್ಲ ಗೆದ್ದಲು ಹಿಡಿದಿತ್ತು, ಉಳಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಪ್ರಧಾನ ಬಾಗಿಲು ಹಳೆಯದೇ, ಚೌಕಟ್ಟು, ಹೊಸ್ತಿಲು ಸಮೇತ. ಆಚಾರಿ ನಾಲ್ಕೈದು ಪದರ ಪೇಂಟ್ ಕೆರೆದು ನೋಡಿದರೆ ಒಳಗೆ ಹಲಸಿನ ಮರ ಹಳದಿಯಾಗಿ ಹೊಳೆಯುತ್ತಿತ್ತು! ಇನ್ನು ಪೇಂಟ್ ಬೇಡ ಅಂತ ಬರೀ ಎಣ್ಣೆ ಹಚ್ಚಿದ್ದೇವೆ. ಹೊಸ್ತಿಲಿನ ನಡುವೆ ಸವೆದ ತಗ್ಗು ಇದೆಯಲ್ಲ, ಅದನ್ನೂ ಹಾಗೇ ಬಿಟ್ಟಿದ್ದೇವೆ. ಗೋಡೆ ಚಿರೇಕಲ್ಲು. ಜಗುಲಿ ಮಾತ್ರ ಮೊದಲಿಗಿಂತ ದೊಡ್ಡದು ಮಾಡಿಸಿದ್ದು, ಎಲ್ಲರೂ ಒಟ್ಟಿಗೆ ಕೂರಬೇಕು ಅಂತಲೇ.

ಹಾಲು ಉಕ್ಕಿಸುವುದು ಕಮಲತ್ತೆ. ಆ ಮನೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳಲ್ಲಿ ಅವರೇ ಹಿರಿಯರು. ಅತ್ತೆ, ನೀವು ಬಂದ ಮೇಲೆಯೇ ಒಲೆ ಹೊತ್ತುವುದು!

ಊಟಕ್ಕೆ ಹೋಳಿಗೆ-ತುಪ್ಪ, ಮಾವಿನಹಣ್ಣಿನ ಶೀಕರಣೆ, ಹಲಸಿನಕಾಯಿ ಹುಳಿ, ಸೌತೆಕಾಯಿ ಹಶಿ, ಅಪ್ಪೆಹುಳಿ. ಸಂಜೆ ಅಂಗಳದಲ್ಲಿ ಒಲೆ ಹೂಡಿ ತೊಡದೇವು ಮಾಡುತ್ತೇವೆ. ಚಿಕ್ಕಮ್ಮ ಮಡಕೆ ಈಗಲೇ ಪಳಗಿಸಿಟ್ಟಿದ್ದಾರೆ. ಬೆಂಗಳೂರಿನ ಮಕ್ಕಳು ಡಬ್ಬಿಯಲ್ಲಿ ಬಂದ ತೊಡದೇವು ಮಾತ್ರ ತಿಂದವರು. ಕಾದ ಮಡಕೆಯ ಮೇಲೆ ಹಿಟ್ಟು ತೊಡೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚುವುದನ್ನು ಪಕ್ಕದಲ್ಲೇ ಕೂತು ನೋಡಲಿ. ರಾತ್ರಿ ಜಗುಲಿಯಲ್ಲಿ ತಾಳಮದ್ದಳೆ. ಪ್ರಸಂಗ ಯಾವುದು, ಅರ್ಥ ಹೇಳುವವರು ಯಾರು ಅನ್ನುವುದನ್ನು ಗಣಪತಿ ಮಾವ ಇಲ್ಲೇ ತಿಳಿಸಲಿ.

📍 ಬರುವ ದಾರಿ: ಶಿರಸಿಯಿಂದ ಹುಲೇಕಲ್ ರಸ್ತೆ. ಹುಲೇಕಲ್ ಪೇಟೆ ದಾಟಿ ವಾನಳ್ಳಿ ಕಡೆ ಹೋಗುವಾಗ ಹಾಲಿನ ಸೊಸೈಟಿ ಸಿಗುತ್ತದೆ, ಅದರ ಪಕ್ಕದ ಮಣ್ಣುರಸ್ತೆಗೆ ಎಡಕ್ಕೆ ತಿರುಗಿ. ತಿರುವಿನಲ್ಲಿ ಮಾವಿನ ತೋರಣ ಕಟ್ಟಿರುತ್ತೇವೆ. ನಮ್ಮ ಕೇರಿಯಲ್ಲಿ ನೆಟ್‌ವರ್ಕ್ ಸರಿ ಸಿಗುವುದಿಲ್ಲ, ಶಿರಸಿಯಲ್ಲೇ ಒಂದು ಫೋನ್ ಮಾಡಿ.

ಬೆಂಗಳೂರಿನಿಂದ ತಾಳಗುಪ್ಪ ರೈಲಿಗೆ ಬರುವವರು 30ರ ಬೆಳಿಗ್ಗೆ ಇಳಿಯುವ ಹಾಗೆ ಟಿಕೆಟ್ ಮಾಡಿ. 1ರ ಬೆಳಿಗ್ಗೆ ಇಳಿದರೆ ಮುಹೂರ್ತಕ್ಕೆ ಮುಟ್ಟುವುದು ಕಷ್ಟ. ಮುಂಬೈಯವರಿಗೆ ಕುಮಟಾ ಸ್ಟೇಷನ್ ಅನುಕೂಲ. ಘಟ್ಟದ ಕೆಳಗಿನವರು ಹೊರಡುವ ಮೊದಲು ದೇವಿಮನೆ ಘಾಟಿಯ ರಸ್ತೆ ಹೇಗಿದೆ ಅಂತ ಒಮ್ಮೆ ವಿಚಾರಿಸಿಕೊಳ್ಳಿ. ಶಿರಸಿ ಬಸ್‌ಸ್ಟ್ಯಾಂಡಿಗೆ 30ರಂದು ದಿನವಿಡೀ ನಮ್ಮ ಜೀಪು ಬಂದು ಹೋಗಿ ಮಾಡುತ್ತಿರುತ್ತದೆ.

ಮಲಗುವುದಕ್ಕೆ ಮೆತ್ತಿನ ಮೇಲೆ ಬೇಕಾದಷ್ಟು ಜಾಗವಿದೆ, ಹಾಸಿಗೆ-ಚಾದರವೂ ಇದೆ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಕೆಳಗಿನ ಎರಡು ಕೋಣೆ, ಪಕ್ಕದಲ್ಲೇ ಬಚ್ಚಲು. ಪಥ್ಯದ ಊಟ ಬೇಕಾದವರು ಸವಿತಾಳಿಗೆ ಹೇಳಿಡಿ.

ಎಷ್ಟು ಜನ, ಯಾವಾಗ ಬರುತ್ತೀರಿ, ಹೇಗೆ ಬರುತ್ತೀರಿ ಎಂದು ಏಪ್ರಿಲ್ 20ರೊಳಗೆ ಈ ಮೆಸೇಜಿನ ಕೆಳಗೇ ಬರೆಯಿರಿ. ಅಡುಗೆಭಟ್ಟರಿಗೆ ಲೆಕ್ಕ ಕೊಡಬೇಕು. ಗ್ರೂಪಿನಲ್ಲಿ ಇಲ್ಲದ ಹಿರಿಯರಿಗೆ ಅವರವರ ಮನೆಯ ಮಕ್ಕಳು ಇದನ್ನು ಓದಿ ಹೇಳಿ.

ಬರಲೇಬೇಕು 🙏

ನಿಮ್ಮ
ರಘು, ಸವಿತಾ, ಆಯಿ, ಅಪ್ಪಯ್ಯ ಮತ್ತು ಪುಟ್ಟಿ