ಮನೆ ಕೆಲಸ ಮುಗಿಯಿತು, ನಿಮ್ಮಿಬ್ಬರಿಗೂ ಧನ್ಯವಾದ

ಬೆಂಗಳೂರು

ಸರೋಜಾ ಮೇಡಂ ಮತ್ತು ಸರ್ ಅವರಿಗೆ,

ನಮಸ್ಕಾರ.

ಮಲ್ಲೇಶ್ವರದ ನಿಮ್ಮ ಹಳೇ ಮನೆಯ ರಿಪೇರಿ ಕೆಲಸ ಪೂರ್ತಿ ಮುಗಿಯಿತು. ಬೀಗದ ಕೈ ಕೊಟ್ಟಾಯಿತು, ಲೆಕ್ಕವೂ ಚುಕ್ತಾ ಆಯಿತು. ನಮ್ಮ ತಂಡದ ಎಲ್ಲರ ಪರವಾಗಿ ನಿಮಗೆ ತುಂಬಾ ಧನ್ಯವಾದ.

ಇಂಥ ಮನೆ ನೋಡಿದರೆ ‘ಕೆಡವಿ, ನಾಲ್ಕು ಫ್ಲೋರ್ ಎಬ್ಬಿಸಿ’ ಅನ್ನುವವರೇ ಜಾಸ್ತಿ. ನಿಮ್ಮ ಬೀದಿಯಲ್ಲೇ ಎಷ್ಟು ಮನೆ ಹಾಗೆ ಹೋದವು ಅಂತ ನೀವೇ ಹೇಳಿದ್ದಿರಿ. ನೀವು ಉಳಿಸಿಕೊಳ್ಳುತ್ತೇವೆ ಅಂದಿರಿ. ಅನ್ನುವುದು ಸುಲಭ, ಆಮೇಲೆ ಅದಕ್ಕೆ ಅಂಟಿಕೊಳ್ಳುವುದು ಕಷ್ಟ.

ತಾರಸಿ ಬಿಚ್ಚಿದ ದಿನ ಅದು ಗೊತ್ತಾಯಿತು. ಹಿಂದೆ ಯಾರೋ ಮದ್ರಾಸ್ ತಾರಸಿಯ ಸುಣ್ಣದ ಗಾರೆ ಮೇಲೆ ಸಿಮೆಂಟ್ ಬಳಿದು ಹೋಗಿದ್ದರು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಒಳಗೇ ನಿಂತ ನೀರು ಗೋಡೆಯಲ್ಲಿ ಕೂತಿದ್ದ ಜಂತೆಗಳ ತುದಿ ತಿಂದುಹಾಕಿತ್ತು. ಎಸ್ಟಿಮೇಟ್ ಏರುತ್ತದೆ ಅಂತ ಫೋನಿನಲ್ಲಿ ಹೇಳುವಾಗ ನನಗೇ ಮುಜುಗರ. ಸರ್ ವಾದ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಬಂದು ಏಣಿ ಹತ್ತಿ, ಜಂತೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಹಿಡಿಯವರೆಗೂ ಒಳಗೆ ಹೋಯಿತು. ಕೆಳಗಿಳಿದು ಕೈ ಒರೆಸಿಕೊಂಡು, “ಸರಿ, ಸಾಗುವಾನಿಯಲ್ಲೇ ಮಾಡಿ” ಅಂದರು. ಅಷ್ಟೇ.

ಜಗಲಿಯ ರೆಡ್ ಆಕ್ಸೈಡ್ ನೆಲದ ಶ್ರೇಯಸ್ಸು ಮೇಡಂಗೆ ಸೇರಬೇಕು. ಬಿರುಕು ಬಿಟ್ಟ ಭಾಗಕ್ಕೆ ಟೈಲ್ಸ್ ಹಾಕಿಬಿಟ್ಟರೆ ನಮಗೂ ಸಲೀಸಾಗುತ್ತಿತ್ತು. “ಬಣ್ಣ ಒಂಚೂರು ಬೇರೆ ಕಂಡರೆ ಕಾಣಲಿ” ಅಂತ ನೀವು ಹೇಳಿದ್ದರಿಂದಲೇ ಮೇಸ್ತ್ರಿ ಧೈರ್ಯವಾಗಿ ಕರಣೆ ಹಿಡಿದು ಕೂತು ಉಜ್ಜಿದರು. ಆಸಿಡ್ ಇರುವ ಯಾವ ಕ್ಲೀನರ್ರೂ ಆ ನೆಲಕ್ಕೆ ಬೇಡ. ನೀರಿನಲ್ಲಿ ಒರೆಸಿ, ಆಗಾಗ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಉಜ್ಜಿಸಿ, ಸಾಕು.

ಇನ್ನೊಂದು ವಿಷಯ. ಬಿಲ್ಲು ಕೊಟ್ಟ ವಾರದಲ್ಲೇ ನೀವು ಹಣ ಹಾಕುತ್ತಿದ್ದಿರಿ. ಹಾಗಾಗಿ ನಮ್ಮ ಹುಡುಗರ ಶನಿವಾರದ ಬಟವಾಡೆ ಒಮ್ಮೆಯೂ ನಿಲ್ಲಲಿಲ್ಲ. ಹಿಂದಿನ ಬಾತ್‌ರೂಮನ್ನು ಕೆಲಸದವರಿಗೇ ಬಿಟ್ಟುಕೊಟ್ಟಿದ್ದಿರಿ. ಎಲ್ಲ ಕಡೆ ಹೀಗೆ ನಡೆಯುವುದಿಲ್ಲ, ನಂಬಿ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಕೆಲಸ ಹೇಗಾಯಿತು ಅಂತ ಬಿಚ್ಚಿ ಹೇಳಿ. ‘ಚೆನ್ನಾಗಿದೆ’ ಅಂದರೆ ಖುಷಿ, ಆದರೆ ಮುಂದಿನ ಮನೆಗೆ ಅದರಿಂದ ಏನೂ ಸಿಗುವುದಿಲ್ಲ ಅಲ್ವಾ? ಎಸ್ಟಿಮೇಟ್ ನಿಮಗೆ ಅರ್ಥವಾಗುವ ಹಾಗೆ ಇತ್ತಾ, ಯಾವ ದಿನ ಯಾರು ಬರುತ್ತಾರೆ ಅಂತ ಮೊದಲೇ ಗೊತ್ತಾಗುತ್ತಿತ್ತಾ, ದೂಳು ಅಕ್ಕಪಕ್ಕದವರಿಗೆ ಎಷ್ಟು ಕಾಟ ಕೊಟ್ಟಿತು, ಅಡುಗೆಮನೆಯ ಸ್ವಿಚ್ಚು ಕೈಗೆ ಸರಿಯಾಗಿ ಸಿಗುತ್ತಾ, ಇಂಥವು ಬೇಕು. ಬರೆಯಲು ಪುರುಸೊತ್ತಿಲ್ಲದಿದ್ದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದರೂ ಆಯಿತು. ತಾರಸಿ ಬಗ್ಗೆ ಮಾತ್ರ ಈಗಲೇ ಸರ್ಟಿಫಿಕೇಟ್ ಕೊಡಬೇಡಿ. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ. ಅದು ಕಳೆಯಲಿ. ದೀಪಾವಳಿ ಆದಮೇಲೆ ಮೇಸ್ತ್ರಿ ಜೊತೆ ನಾನೇ ಬಂದು ನೋಡುತ್ತೇನೆ, ಅದಕ್ಕೆ ಚಾರ್ಜ್ ಇಲ್ಲ. ಅಷ್ಟರೊಳಗೆ ಎಲ್ಲಾದರೂ ಒದ್ದೆ ಕಲೆ ಕಂಡರೆ ಕಾಯಬೇಡಿ, ಫೋಟೋ ಕಳಿಸಿ.

ನಮಗೆ ಕೆಲಸ ಬರುವುದು ಬಾಯಿಮಾತಿನಿಂದಲೇ. ನಿಮಗೆ ಗೊತ್ತಿರುವವರಲ್ಲಿ ಯಾರಾದರೂ ಹಳೇ ಮನೆ ಇಟ್ಟುಕೊಂಡು, ಕೆಡವಲೋ ಉಳಿಸಲೋ ಅಂತ ಯೋಚಿಸುತ್ತಿದ್ದರೆ ನಮ್ಮ ನಂಬರ್ ಕೊಡಿ. ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ, ಎಲ್ಲಿದ್ದರೂ ಸರಿ. ಮೊದಲ ಸಲ ಸುಮ್ನೆ ಬಂದು ನೋಡಿ, ಉಳಿಯುತ್ತದೋ ಇಲ್ಲವೋ ನೇರವಾಗಿ ಹೇಳುತ್ತೇವೆ. ‘ಹಬ್ಬದೊಳಗೆ ಮುಗಿಸಿಕೊಡಿ’ ಅನ್ನುವವರನ್ನು ಮಾತ್ರ ಕಳಿಸಬೇಡಿ. ಸುಣ್ಣದ ಗಾರೆ ಒಣಗುವುದು ಅದರ ಟೈಮಿಗೇ. ಅಂಥವರು ಬಂದರೆ ಅವರಿಗೂ ಬೇಜಾರು, ನಮಗೂ ಬೇಜಾರು.

ಬಂದವರು ನಿಮ್ಮ ಮನೆ ಒಮ್ಮೆ ನೋಡಬೇಕು ಅಂದರೆ ಕರೆತರಬಹುದಾ? ಮೊದಲೇ ಫೋನ್ ಮಾಡಿ, ನಿಮಗೆ ಅನುಕೂಲವಾದ ದಿನವೇ ಬರುತ್ತೇವೆ. ಜಗಲಿ, ತಾರಸಿಯ ಫೋಟೋಗಳನ್ನು ಬೇರೆಯವರಿಗೆ ತೋರಿಸುವುದಕ್ಕೂ ನಿಮ್ಮ ಒಪ್ಪಿಗೆ ಬೇಕು. ವಿಳಾಸ, ಹೆಸರು ಎಲ್ಲೂ ಹಾಕುವುದಿಲ್ಲ. ಬೇಡ ಅನಿಸಿದರೆ ಸಂಕೋಚವಿಲ್ಲದೆ ಬೇಡ ಅನ್ನಿ.

ವೈರಿಂಗ್ ಮತ್ತು ಪೈಪ್ ಲೈನಿನ ನಕ್ಷೆಗಳು ನೀಲಿ ಫೈಲಿನಲ್ಲಿವೆ. ಗೋಡೆಗೆ ಮೊಳೆ ಹೊಡೆಸುವ ಮೊದಲು ಒಮ್ಮೆ ತೆಗೆದು ನೋಡಿ.

ಇಂತಿ ನಿಮ್ಮ,
ಅನುಪಮಾ
ಮತ್ತು ತಂಡದವರು