ಡೈರಿಯವರಿಗೆ ಕೊಟ್ಟ ಮಾತು

ಮೇಷ್ಟ್ರು ಮಾಗಡಿ ಬಸ್ಸಿನಲ್ಲಿ ಬಂದು ಟೋಲ್‌ಗೇಟ್ ಹತ್ತಿರ ಇಳಿದರು. ಕಾರು ಕಳಿಸುತ್ತೇವೆ ಅಂದರೂ ಕೇಳಲಿಲ್ಲ. ಅಲ್ಲಿಂದ ಆಟೋ ಹಿಡಿದು ವಿಜಯನಗರದ ನಾಗರಾಜನ ಮನೆಗೆ ಅವರೇ ಬಂದರು. ಕೈಯಲ್ಲಿ ಹಿತಕಿದ ಅವರೆಬೇಳೆಯ ಚೀಲ. ಅದನ್ನು ನಾಗರಾಜನ ಹೆಂಡತಿಗೆ ಕೊಟ್ಟು, ಕಾಫಿ ಕುಡಿದು, ಆಮೇಲೆ ಕನ್ನಡಕ ಹಾಕಿಕೊಂಡರು.

ನಾಗರಾಜ ನಮ್ಮ ಹಳೇ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ನಾನು ಕಾರ್ಯದರ್ಶಿ, ಅಂದರೆ ಓಡಾಡುವವನು. ಮೇಷ್ಟ್ರ ಗುರುವಂದನೆಗೆ ರವೀಂದ್ರ ಕಲಾಕ್ಷೇತ್ರ ಬುಕ್ ಆಗಿತ್ತು. ಆಹ್ವಾನ ಪತ್ರಿಕೆ ಪ್ರಿಂಟಾಗಿ ಅರ್ಧ ಹಂಚಿಯೂ ಆಗಿತ್ತು. ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿ ತಟ್ಟೆ. ಮೈಸೂರು ಪೇಟವನ್ನು ಗ್ರಾನೈಟ್ ವ್ಯಾಪಾರದ ಶಿವಣ್ಣ ತಾನೇ ಕೊಡಿಸಿದ್ದ. ಅದನ್ನು ಮೇಷ್ಟ್ರ ತಲೆಗೆ ಇಡುವಾಗ ಫೋಟೋ ಬರಬೇಕು ಅನ್ನೋದು ಅವನ ಒಂದೇ ಕಂಡೀಷನ್. ಒಂದು ಲಕ್ಷ ಕೊಟ್ಟವನು, ಕೇಳಿದರೆ ತಪ್ಪಿಲ್ಲ.

ಮೇಷ್ಟ್ರು ಪಟ್ಟಿಯನ್ನು ನಮ್ಮ ಹೋಂವರ್ಕ್ ನೋಡುತ್ತಿದ್ದ ಹಾಗೆಯೇ ನೋಡಿದರು. ಬೆರಳು ಒಂದು ಕಡೆ ನಿಂತಿತು.

"ಇದೇನೋ ಸಾರೋಟು?"

"ಟೌನ್‌ಹಾಲ್‌ನಿಂದ ಕಲಾಕ್ಷೇತ್ರಕ್ಕೆ ಮೆರವಣಿಗೆ ಸಾರ್," ಅಂದ ನಾಗರಾಜ. ನಡೆದರೆ ಐದು ನಿಮಿಷದ ದಾರಿ. ಜೆ.ಸಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಕುದುರೆಗೆ ಎಷ್ಟು ಹೊತ್ತೋ! "1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ಹುಡುಗರೇ ಗಾಡಿ ಎಳೆದರಂತೆ. ನೀವೇ ಪಾಠದಲ್ಲಿ ಹೇಳಿದ್ರಿ ಸಾರ್."

"ಹೇಳಿದ್ದೆ. ಅವರು ಊರು ಬಿಟ್ಟು ಹೊರಟಿದ್ದರು ಕಣೋ. ನಾನು ಎಲ್ಲಿಗೂ ಹೊರಟಿಲ್ಲ."

ನಾವು ನಕ್ಕೆವು. ಅವರೂ ನಕ್ಕರು. ಆಮೇಲೆ ಪಟ್ಟಿ ಮಡಿಸಿ ಟೀಪಾಯಿ ಮೇಲಿಟ್ಟರು.

"ನಾಗರಾಜ, ನನಗೊಂದು ಕಷ್ಟ ಬಂದಿದೆ. ನೀನೇ ಬಿಡಿಸಬೇಕು. ಹೋದ ವರ್ಷ ನಮ್ಮೂರ ಡೈರಿಯವರು ಸನ್ಮಾನ ಮಾಡ್ತೀವಿ ಅಂತ ಬಂದಿದ್ದರು. ಇನ್ನು ಮೇಲೆ ಶಾಲು ಹೊದ್ದುಕೊಳ್ಳಲ್ಲ ಅಂತ ಅವರಿಗೆ ಹೇಳಿಬಿಟ್ಟೆ. ಈಗ ಬೆಂಗಳೂರಲ್ಲಿ ಹೊದ್ದುಕೊಂಡು ಹೋದರೆ ಏನಂದ್ಕೋತಾರೆ? ಮೇಷ್ಟ್ರಿಗೆ ಹಳ್ಳಿ ಶಾಲು ಸಾಕಾಗಲಿಲ್ಲ ಅಂತಾರೆ. ದಿನಾ ಬೆಳಿಗ್ಗೆ ಹಾಲಿಗೆ ಅಲ್ಲಿಗೇ ಹೋಗಬೇಕಲ್ಲಪ್ಪ ನಾನು."

ನಾಗರಾಜನ ಮುಖ ಬಿಳಿಚಿತು. "ಕಾರ್ಡ್ ಹಂಚಿದ್ದೀವಿ ಸಾರ್. ದಾನಿಗಳಿಗೆ ಏನು ಹೇಳಲಿ? ನಮ್ಮ ಮರ್ಯಾದೆ..."

"ಕಾರ್ಡಲ್ಲಿ ಒಂದಕ್ಷರ ಬದಲಾಯಿಸಬೇಡ. ಗುರುವಂದನೆ ಅಂತಿದೆ, ಹಾಗೇ ಇರಲಿ. ನಾನು ಬರ್ತೀನಿ. ನೀವು ಕೂರಿಸಿದ ಕಡೆ ಕೂರ್ತೀನಿ. ಎಲ್ಲರೂ ನಮಸ್ಕಾರ ಮಾಡಿ, ಬೇಡ ಅನ್ನಲ್ಲ. ಶಾಲು ಮಾತ್ರ ನನ್ನ ಮೈಮೇಲೆ ಬರದೆ ನನ್ನ ಕೈಯಿಂದ ಹೋಗಲಿ. ದುಡ್ಡು ಕೊಟ್ಟ ಹುಡುಗರನ್ನು, ಓಡಾಡಿದ ಹುಡುಗರನ್ನು ಒಬ್ಬೊಬ್ಬರನ್ನೇ ಕರಿ. ನಾನೇ ಹೊದಿಸ್ತೀನಿ. ಇದು ನಿಮ್ಮ ಸಂಘದ ತೀರ್ಮಾನ ಅಂತಲೇ ಮೈಕಲ್ಲಿ ಹೇಳು."

ನಾಗರಾಜ ಲೆಕ್ಕ ಹಾಕುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು. ಒಬ್ಬರು ಶಾಲು ಹೊದ್ದರೆ ಒಂದು ಫೋಟೋ. ಇಷ್ಟು ಜನ ಹೊದ್ದರೆ ಇಷ್ಟೂ ಮನೆಯ ಗೋಡೆಗೆ ಫೋಟೋ!

"ಶಿವಣ್ಣನ ಪೇಟ ಸಾರ್?"

"ಅವನ ತಲೆಗೇ ಇಡ್ತೀನಿ. ಮೊದಲೇ ಹೇಳಬೇಡ. ಏಳನೇ ಕ್ಲಾಸಿನವರೆಗೂ ಹಿಂದಿನ ಬೆಂಚಲ್ಲೇ ಕೂತಿದ್ದ ಕಣೋ ಅವನು. ಮುಂದಕ್ಕೆ ಕರೆಯೋದು ಹಾಗೇ ಬಾಕಿ ಉಳಿದಿದೆ."

ಹೊರಡುವ ಮುಂಚೆ ಪೆನ್ನು ಕೇಳಿ ತೆಗೆದುಕೊಂಡು ಆಹ್ವಾನ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಿದ್ದಿದರು. ಅಕ್ಷರ ಬದಲಾಯಿಸಬೇಡ ಅಂದವರು ಅವರೇ! ಅಭ್ಯಾಸ.

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಸಾರೋಟು ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಪೇಟ ತಲೆಗೆ ಬಿದ್ದಾಗ ಶಿವಣ್ಣ ವೇದಿಕೆ ಮೇಲೆಯೇ ಅತ್ತುಬಿಟ್ಟ. ಫೋಟೋದಲ್ಲಿ ಮುಖ ಸೊಟ್ಟಗೆ ಬಂದಿದೆ, ಆದರೂ ಅದನ್ನೇ ಆಫೀಸಲ್ಲಿ ಹಾಕಿಸಿದ್ದಾನೆ. ನಾಗರಾಜನಂತೂ ಸಿಕ್ಕವರಿಗೆಲ್ಲ ಹೇಳುತ್ತಾನೆ: "ನಮ್ಮ ಮೇಷ್ಟ್ರು ಡೈರಿಯವರಿಗೆ ಕೊಟ್ಟ ಮಾತು ಉಳಿಸಿಕೊಂಡರು. ನಾವೂ ಅದಕ್ಕೆ ಗೌರವ ಕೊಟ್ವಿ."

ಮೊನ್ನೆ ಪಹಣಿ ವಿಚಾರಕ್ಕೆ ಊರಿನ ಡೈರಿ ಸೆಕ್ರೆಟರಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ, ಹೋದ ವರ್ಷ ಮೇಷ್ಟ್ರು ನಿಮ್ಮ ಸನ್ಮಾನ ಬೇಡ ಅಂದರಂತಲ್ಲ ಅಂದೆ.

"ಯಾವ ಸನ್ಮಾನ? ನಾವ್ಯಾವಾಗ ಕರೆದ್ವಿ ಅಣ್ಣ?"

ನಾನು ಸುಮ್ಮನಾದೆ. ಸುಳ್ಳು ಹೇಳಿದ್ದಕ್ಕೆ ಇದೇ ಮೇಷ್ಟ್ರು ನನ್ನನ್ನು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ನಿಲ್ಲಿಸಿದ್ದರು.

ಆ ಕಡೆಯಿಂದ ಸೆಕ್ರೆಟರಿ ಮುಂದುವರಿಸಿದ: "ಆದ್ರೆ ಒಳ್ಳೆ ಐಡಿಯಾ ಕೊಟ್ರಿ. ಈ ಸಲ ಡೈರಿ ಕಡೆಯಿಂದ ಜೋರಾಗೇ ಮಾಡೋಣ. ಟ್ರ್ಯಾಕ್ಟರ್‌ನಲ್ಲಿ ಮೆರವಣಿಗೆ ಇಡೋಣ, ಏನಂತೀರಾ?"

"ಬೇಡಪ್ಪ," ಅಂದೆ. "ಬೆಂಗಳೂರಿನವರಿಗೆ ಆಗಲೇ ಮಾತು ಕೊಟ್ಟಿದ್ದಾರೆ."