ಗೇಟಿನ ಮುಂದೆ ನಿಲ್ಲುವ ಕಾರಿನ ಬಗ್ಗೆ

ನಮಸ್ಕಾರ ಸರ್,

ನಿಮ್ಮ ಬಿಳಿ ಕಾರು ಈ ವಾರ 3 ಸಲ ನಮ್ಮ ಗೇಟಿಗೆ ಅಡ್ಡ ನಿಂತಿತ್ತು. ಮೊದಲೆರಡು ಸಲ ಏನೋ ಅರ್ಜೆಂಟ್ ಇರಬೇಕು ಅಂತ ಸುಮ್ಮನಿದ್ದೆ. ಆದರೆ ಗುರುವಾರ ಬೆಳಿಗ್ಗೆ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಿಮ್ಮ ಮನೆ ಬೆಲ್ ಒತ್ತಿದೆ, ಯಾರೂ ಬರಲಿಲ್ಲ. 20 ನಿಮಿಷ ಕಾದು ಬೇರೆ ಗಾಡಿ ಹಿಡಿದೆವು. ಮಂಡಿನೋವು ಇಟ್ಟುಕೊಂಡು ಅವರು ರಸ್ತೆ ತುದಿವರೆಗೆ ನಡೆಯಬೇಕಾಯಿತು.

ನೆಂಟರು ಬಂದಾಗ ಜಾಗ ಸಾಲುವುದಿಲ್ಲ, ಗೊತ್ತು. ನಮಗೂ ಅದೇ ಪಾಡು. ಆದರೂ ಗೇಟಿನ ಮುಂದೆ ಮಾತ್ರ ದಯವಿಟ್ಟು ನಿಲ್ಲಿಸಬೇಡಿ, 5 ನಿಮಿಷಕ್ಕೂ ಬೇಡ. ಗೇಟು ದಾಟಿ ಕಾಂಪೌಂಡ್ ಪಕ್ಕ ನಿಲ್ಲಿಸಿದರೆ ನಮ್ಮದೇನೂ ತಕರಾರಿಲ್ಲ. ನಿಮ್ಮ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಒಳ್ಳೆಯದು.

ಇಂತಿ,
ಪಕ್ಕದ ಮನೆಯವರು